ಆ ಸ್ಲೈಡ್ ನಾನೇ ತೆಗೆದೆ



2025ರ ಆಗಸ್ಟ್ 19ರಂದು ಸಚಿವ ಸಂಪುಟ ನಮ್ಮ ಶೇ. 17ರ ಮೀಸಲಾತಿಯನ್ನು 6-6-5 ಎಂದು ಹಂಚಿತಲ್ಲ, ಆ ರಾತ್ರಿ ನಾನೊಂದು ಸ್ಲೈಡ್ ಹಾಕಿದ್ದೆ: ‘ಮೋಸ ಹೋದವರು ಯಾರು?’ ಕೆಂಪು ಅಕ್ಷರ ಬೇರೆ. ಬೆಳಗಾಗೋದ್ರಾಗ ರಾಯಚೂರು, ದೇವದುರ್ಗ, ಮಾನ್ವಿಯ ನಮ್ಮ ಹುಡುಗ್ರೇ ಎಡ-ಬಲ ಅಂತ ಬೈದಾಡಿಕೊಂಡಿದ್ರು. ತಪ್ಪು ಅವರದಲ್ಲ. ‘ಮೋಸ’ ಅನ್ನೋ ತೀರ್ಪು ನಾನೇ ಕೊಟ್ಟಿದ್ದೆ. ಆರೋಪಿಯ ಹೆಸರು ಹೇಳೋದಷ್ಟೇ ಅವರಿಗೆ ಉಳಿದಿತ್ತು.

ಅದನ್ನ ತೆಗೆದು ಬೇರೆ ಮಾಡಿದೆ. ಮೇಲೆ ಲೆಕ್ಕ ಮಾತ್ರ: ಎಡಗೈ ಜಾತಿಗಳಿಗೆ 6, ಬಲಗೈ ಜಾತಿಗಳಿಗೆ 6, ಲಂಬಾಣಿ, ಭೋವಿ, ಕೊರಮ, ಕೊರಚರ ಜೊತೆ ಅಲೆಮಾರಿಗಳಿಗೂ ಸೇರಿಸಿ 5. ಕೆಳಗೆ, ಕಪ್ಪು ಅಕ್ಷರದಲ್ಲಿ: ‘ನಿಮ್ಮ ಮನೆತನದಾಗ ಮೊದಲ ಸರ್ಕಾರಿ ನೌಕರಿ ಯಾರಿಗೆ, ಯಾವ ವರ್ಷ ಬಂತು? ಬಂದಿಲ್ಲಂದ್ರ, ಓದು ಎಲ್ಲಿಗೆ ನಿಂತಿತು?’ ಇದಕ್ಕೆ ಹೌದು-ಅಲ್ಲ ಅನ್ನೋಕೆ ಬರಲ್ಲ. ಮನೆಯ ಹಿರಿಯರನ್ನ ಕೇಳಿಯೇ ಬರೀಬೇಕು.

ಉತ್ತರ ಬಹಳ ಕಮ್ಮಿ ಬಂದ್ವು. ಫೋನೇ ಇಲ್ಲದ ಅಲೆಮಾರಿ ಕುಟುಂಬಗಳ ಮಾತಂತೂ ಬರಲೇ ಇಲ್ಲ, ಅದಕ್ಕೆ ಗುಡಾರಕ್ಕೇ ಹೋಗಬೇಕು. ಆದ್ರೆ ಮಾನ್ವಿ ಕಡೆಯ ಒಬ್ಬ ಅಕ್ಕ ಬರೆದ್ರು: ‘ನಮ್ಮಲ್ಲಿ ಯಾರಿಗೂ ಇಲ್ಲ. ಏಳನೇ ಕ್ಲಾಸಿಗೆ ಸಾಲಿ ಬಿಟ್ಟು ಗುಳೆ ಹೋದೆ.’ ಮೊದಲ ಸ್ಲೈಡಿಗೆ ಜೋರಾಗಿ ಬೈದಿದ್ದ ದೇವದುರ್ಗದ ಹುಡುಗನೇ ಅದರ ಕೆಳಗೆ ಬರೆದ: ‘ನಮ್ಮ ಮನ್ಯಾಗೂ ಇಲ್ಲಕ್ಕ.’