ತಪ್ಪು ಮಾತ್ರೆಯದೋ, ನೆನಪಿನದೋ?

ಬಸುರಿಯಾಗಿದ್ದಾಗ ತಾಯಿ ನುಂಗಿದ ಜ್ವರದ ಮಾತ್ರೆಯಿಂದ ಮಗುವಿಗೆ ಸೀಳುತುಟಿ ಬರಬಹುದೇ? ಇದನ್ನು ತಿಳಿಯುವುದು ಸುಲಭವಲ್ಲ. ಸೀಳುತುಟಿ ಸಾವಿರ ಮಕ್ಕಳಲ್ಲಿ ಸುಮಾರು ಒಂದು ಮಗುವಿಗೆ ಮಾತ್ರ ಬರುವಂಥದು. ಆದ್ದರಿಂದ ಸಂಶೋಧಕರು ಅಂಥ ಮಕ್ಕಳ 100 ತಾಯಂದಿರನ್ನೂ ಆರೋಗ್ಯವಂತ ಮಕ್ಕಳ 100 ತಾಯಂದಿರನ್ನೂ ಹುಡುಕಿ, ‘ಆಗ ಯಾವ ಔಷಧಿ ತೆಗೆದುಕೊಂಡಿದ್ದಿರಿ?’ ಎಂದು ಕೇಳುತ್ತಾರೆ. ಇದೇ ಕೇಸ್-ಕಂಟ್ರೋಲ್ ಅಧ್ಯಯನ.

ತೊಡಕು ಇರುವುದು ಈ ಪ್ರಶ್ನೆಯಲ್ಲೇ. ಒಂದು ಲೆಕ್ಕ ಹಾಕೋಣ. ಎರಡೂ ಗುಂಪಿನಲ್ಲಿ ಮಾತ್ರೆ ನುಂಗಿದವರು ತಲಾ 20 ಮಂದಿ ಎಂದುಕೊಳ್ಳಿ. ಅಂದರೆ ಮಾತ್ರೆಗೂ ಸೀಳುತುಟಿಗೂ ಸಂಬಂಧವೇ ಇಲ್ಲ. ಆದರೆ ನೊಂದ ತಾಯಿ ‘ನನ್ನಿಂದ ಎಲ್ಲಿ ತಪ್ಪಾಯಿತು?’ ಎಂದು ಆ ದಿನಗಳನ್ನೆಲ್ಲ ನೂರು ಸಲ ನೆನೆದಿರುತ್ತಾಳೆ. ಆ ಗುಂಪಿನ 20 ಮಂದಿಯಲ್ಲಿ 18 ಮಂದಿ ಮಾತ್ರೆಯ ಹೆಸರು ಹೇಳುತ್ತಾರೆ. ಇನ್ನೊಂದು ಗುಂಪಿನ ತಾಯಂದಿರಿಗೆ ಹಾಗೆ ನೆನೆಯುವ ಕಾರಣವಿಲ್ಲ. ಹೇಳುವವರು 10 ಮಂದಿ ಮಾತ್ರ. ಈಗ ಅನುಪಾತ (18 × 90) ÷ (82 × 10), ಅಂದರೆ ಸುಮಾರು 2. ನಿರಪರಾಧಿ ಮಾತ್ರೆ ಅಪಾಯವನ್ನು ಇಮ್ಮಡಿಗೊಳಿಸುವಂತೆ ಕಾಣುತ್ತದೆ! ಇಲ್ಲಿ ಯಾರೂ ಸುಳ್ಳು ಹೇಳಿಲ್ಲ. ಎರಡೂ ಗುಂಪಿನವರು ಸಮವಾಗಿ ಮರೆತಿದ್ದರೆ ಈ ಭ್ರಮೆ ಹುಟ್ಟುತ್ತಿರಲಿಲ್ಲ. ಮರೆವಿನ ಈ ಅಸಮತೆಯೇ ‘ನೆನಪಿನ ಪಕ್ಷಪಾತ’.

ಇದು ಬರಿಯ ಊಹೆಯಲ್ಲ. ಅಮೆರಿಕದ ಬಾಸ್ಟನ್ನಿನಲ್ಲಿ ಮಾರ್ಥಾ ವರ್ಲರ್ ಮತ್ತು ಸಂಗಡಿಗರು ಹೆರಿಗೆಯ ನಂತರ ತಾಯಂದಿರು ಹೇಳಿದ್ದನ್ನು ಬಸಿರಿನ ಕಾಲದ ವೈದ್ಯಕೀಯ ದಾಖಲೆಯೊಂದಿಗೆ ಹೋಲಿಸಿ 1989ರಲ್ಲಿ ಪ್ರಕಟಿಸಿದರು. ಮೂತ್ರನಾಳದ ಸೋಂಕಿನಂಥ ಕೆಲವು ವಿಷಯಗಳಲ್ಲಿ ಪಕ್ಷಪಾತ ಕಂಡಿತು. ಎಲ್ಲ ವಿಷಯಗಳಲ್ಲೂ ಅಲ್ಲ.

ಇದನ್ನು ತಗ್ಗಿಸುವುದು ಹೇಗೆ? ಎಲ್ಲಕ್ಕಿಂತ ಒಳ್ಳೆಯದು, ಮಗು ಹುಟ್ಟುವ ಮೊದಲೇ ಬರೆದಿಟ್ಟ ದಾಖಲೆ. ಆದರೆ ಚೀಟಿಯಲ್ಲಿ ಬರೆದದ್ದನ್ನೆಲ್ಲ ತಾಯಿ ನುಂಗಿರಬೇಕೆಂದಿಲ್ಲ. ಅಂಗಡಿಯಲ್ಲಿ ತಾನೇ ಕೊಂಡದ್ದು ಚೀಟಿಯಲ್ಲಿರುವುದಿಲ್ಲ. ಹಾಗಾಗಿ ಕೇಳಲೇಬೇಕು. ಆಗ ‘ಏನಾದರೂ ಔಷಧಿ?’ ಎಂದು ಕೇಳಿದರೆ ಸಾಲದು. ‘ಜ್ವರ ಬಂದಿತ್ತೇ? ತಲೆನೋವು? ಅದಕ್ಕೆ ಏನು ತೆಗೆದುಕೊಂಡಿರಿ?’ ಎಂದು ಒಂದೊಂದಾಗಿ, ಕ್ಯಾಲೆಂಡರ್ ಮುಂದಿಟ್ಟು, ಇಬ್ಬರಿಗೂ ಒಂದೇ ಕ್ರಮದಲ್ಲಿ ಕೇಳಬೇಕು. ಆರೋಗ್ಯವಂತ ಮಗುವಿನ ತಾಯಿಯ ನೆನಪನ್ನೂ ಇದು ಕೆದಕುತ್ತದೆ. ಯಾವ ಔಷಧಿಯ ಮೇಲೆ ಅನುಮಾನ ಎಂಬುದು ಕೇಳುವವರಿಗೂ ತಿಳಿಯದಿದ್ದರೆ ಮೇಲು.

ಇನ್ನೊಂದು ಉಪಾಯ, ಬೇರೆ ಬಗೆಯ ಜನ್ಮದೋಷವಿರುವ ಮಕ್ಕಳ ತಾಯಂದಿರನ್ನು ಹೋಲಿಕೆಗೆ ತೆಗೆದುಕೊಳ್ಳುವುದು. ಅವರೂ ಅಷ್ಟೇ ನೆನೆದಿರುತ್ತಾರೆ. ಆದರೆ ಅದೇ ಮಾತ್ರೆ ಆ ದೋಷಕ್ಕೂ ಕಾರಣವಾಗಿದ್ದರೆ ನಿಜವಾದ ಅಪಾಯವೇ ಮುಚ್ಚಿಹೋದೀತು.

ಪಕ್ಷಪಾತ ನುಸುಳಿದೆಯೇ ಎಂದು ಪರೀಕ್ಷಿಸಲು, ಸೀಳುತುಟಿಗೆ ಕಾರಣವಾಗಲಾರದ ಸಂಗತಿಯೊಂದನ್ನೂ ಕೇಳಿ ನೋಡಬಹುದು. ಉದಾಹರಣೆಗೆ, ಬಸಿರಿನ ಕೊನೆಯ ತಿಂಗಳಲ್ಲಿ ನುಂಗಿದ ಮಾತ್ರೆ. ತುಟಿ ಕೂಡಿಕೊಳ್ಳುವುದು ಎರಡನೆಯ ತಿಂಗಳಲ್ಲೇ. ಕೊನೆಯ ತಿಂಗಳ ಮಾತ್ರೆಯೂ ‘ಅಪಾಯಕಾರಿ’ ಎಂದು ಬಂದರೆ ಮೊದಲು ಅನುಮಾನಿಸಬೇಕಾದ್ದು ನೆನಪನ್ನು. ಇಲ್ಲದಿದ್ದರೆ, ಮೊದಲೇ ನೊಂದಿರುವ ತಾಯಿಯ ಮೇಲೆ ಮಾಡದ ತಪ್ಪನ್ನು ಹೊರಿಸಿದಂತಾಗುತ್ತದೆ.