ಮೊದಲ ಮೂರು ಸೆಕೆಂಡುಗಳ ಸಾಲ

ದಶಲಕ್ಷಣ ಪರ್ವ ಸಮೀಪಿಸುತ್ತಿದ್ದಂತೆ ಮುಂಬಯಿ, ಪುಣೆ, ಚೆನ್ನೈಗಳ ನಮ್ಮ ಸಂಘಗಳಲ್ಲಿ ಈಗ ಪೂಜೆಯ ಪಟ್ಟಿಯೊಡನೆ ಕಿರುವಿಡಿಯೋಗಳ ಪಟ್ಟಿಯೂ ಸಿದ್ಧವಾಗುತ್ತದೆ. ಇದು ಸ್ವಾಗತಾರ್ಹವೇ. ಬಸದಿಯಿಂದ ದೂರದಲ್ಲಿ ಬೆಳೆಯುತ್ತಿರುವ ಮಕ್ಕಳಿಗೆ ಧರ್ಮದ ಒಂದು ಮಾತು ಮೊಬೈಲಿನ ಮೂಲಕ ತಲುಪುವುದಾದರೆ ಹಾಗೆಯೇ ತಲುಪಲಿ. ನನ್ನ ತಕರಾರು ಇರುವುದು ಆ ವಿಡಿಯೋಗಳ ಮೊದಲ ಮೂರು ಸೆಕೆಂಡುಗಳ ಬಗ್ಗೆ. ನೋಡುಗನ ಹೆಬ್ಬೆರಳು ಪರದೆಯನ್ನು ಮೇಲಕ್ಕೆ ಸರಿಸಬೇಕೋ ಬೇಡವೋ ಎಂದು ತೀರ್ಮಾನಿಸುವುದು ಆ ಅವಧಿಯಲ್ಲಿ. ಅವನನ್ನು ನಿಲ್ಲಿಸುವ ಆರಂಭದ ಮಾತಿಗೆ ಈ ಕ್ಷೇತ್ರದವರು ‘ಹುಕ್’ ಎನ್ನುತ್ತಾರೆ. ನಮ್ಮ ಸಂಘಗಳು ಒಂದೋ ಆ ಮೂರು ಸೆಕೆಂಡುಗಳನ್ನು ವ್ಯರ್ಥ ಮಾಡುತ್ತಿವೆ, ಇಲ್ಲವೇ ಅಲ್ಲಿ ಧರ್ಮಕ್ಕೆ ವಿರುದ್ಧವಾದ ಮಾತನ್ನು ಆಡುತ್ತಿವೆ.

ವ್ಯರ್ಥವಾಗುವ ಬಗೆ ಎಲ್ಲರಿಗೂ ಪರಿಚಿತ. ಮೊದಲು ಸಂಘದ ಲಾಂಛನ ತಿರುಗುತ್ತ ಬರುತ್ತದೆ. ಅನಂತರ ಪ್ರಾಯೋಜಕರ ಹೆಸರು. ಆಮೇಲೆ ಅಧ್ಯಕ್ಷರ ಭಾವಚಿತ್ರ. ವಿಷಯ ಆರಂಭವಾಗುವ ಹೊತ್ತಿಗೆ ನೋಡುಗನು ಮುಂದಿನ ಮೂರು ವಿಡಿಯೋಗಳನ್ನು ದಾಟಿರುತ್ತಾನೆ. ಹಾಗೆಂದು ಹೇಳಿದರೆ, ‘ಗ್ರಂಥಾರಂಭದಲ್ಲಿ ಮಂಗಲಾಚರಣೆ ಇರಬೇಡವೇ?’ ಎಂದು ಹಿರಿಯರು ಕೇಳುತ್ತಾರೆ. ಇರಲಿ, ಆದರೆ ಪ್ರಾಯೋಜಕರ ಹೆಸರು ಮಂಗಲವಲ್ಲ. ಮಾನಕಷಾಯವನ್ನು ಬಿಡಬೇಕೆಂದು ಬೋಧಿಸಲು ಹೊರಟ ವಿಡಿಯೋ ಅಧ್ಯಕ್ಷರ ಮುಖದಿಂದ ಆರಂಭವಾಗುವುದು ವಿಪರ್ಯಾಸ. ಹೆಸರುಗಳು ಕೊನೆಯ ಐದು ಸೆಕೆಂಡುಗಳಲ್ಲಿ ಬರಲಿ. ಕೊನೆಯವರೆಗೆ ಉಳಿದವರು ಅವನ್ನು ಗೌರವದಿಂದಲೇ ಓದುತ್ತಾರೆ.

ಎರಡನೆಯದು ಹೆಚ್ಚು ಗಂಭೀರವಾದದ್ದು. ‘ಈ ಮಂತ್ರವನ್ನು 11 ದಿನ ಜಪಿಸಿ, ಸಾಲವೆಲ್ಲ ತೀರುತ್ತದೆ’, ‘ಇದನ್ನು ನೋಡದೆ ಹೋದರೆ ಮನೆಗೆ ಒಳಿತಾಗದು’ ಎಂಬ ಬಗೆಯ ಆರಂಭಗಳು ಇತರರ ವಾಹಿನಿಗಳಿಂದ ನಮ್ಮ ವಾಹಿನಿಗಳಿಗೂ ಇಳಿದುಬಂದಿವೆ. ಇವು ನೋಡುಗನನ್ನು ನಿಲ್ಲಿಸುವುದಿಲ್ಲವೆಂದು ನಾನು ವಾದಿಸುವುದಿಲ್ಲ. ಭಯ ಮತ್ತು ಆಸೆ ಎರಡೂ ಹೆಬ್ಬೆರಳನ್ನು ತಡೆಯುತ್ತವೆ. ಆದರೆ ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ವರದ ಆಸೆಯಿಂದ ದೇವತೆಗಳನ್ನು ಪೂಜಿಸುವುದನ್ನು ದೇವಮೂಢತೆ ಎಂದು ಸ್ಪಷ್ಟವಾಗಿ ಹೆಸರಿಸಿದ್ದಾರೆ. ವೀತರಾಗನು ಕೊಡುವವನೂ ಅಲ್ಲ, ಕಸಿಯುವವನೂ ಅಲ್ಲ. ಣಮೋಕಾರ ಮಂತ್ರದಲ್ಲಿ ಪಂಚಪರಮೇಷ್ಠಿಗಳಿಗೆ ನಮನವಿದೆ. ಯಾವ ವ್ಯಕ್ತಿಯ ಹೆಸರೂ ಇಲ್ಲ, ಯಾವ ಬೇಡಿಕೆಯೂ ಇಲ್ಲ. ಆ ಮಂತ್ರದ ಮುಂದೆಯೇ ಸಾಲ ತೀರುವ ಭರವಸೆಯನ್ನು ಅಂಟಿಸುವವರು ಧರ್ಮವನ್ನು ಪ್ರಚಾರ ಮಾಡುತ್ತಿಲ್ಲ, ಅದನ್ನು ತಿದ್ದಿ ಬರೆಯುತ್ತಿದ್ದಾರೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಸತ್ಯಾಣುವ್ರತದ ಅತಿಚಾರಗಳಲ್ಲಿ ಮಿಥ್ಯೋಪದೇಶವನ್ನೂ ಕೂಟಲೇಖಕ್ರಿಯೆಯನ್ನೂ ಎಣಿಸುತ್ತದೆ. ಸುಳ್ಳು ಬೋಧನೆ ಮತ್ತು ಸುಳ್ಳು ಬರವಣಿಗೆ. ಇಂಥ ಹುಕ್‌ನಲ್ಲಿ ಎರಡೂ ಒಟ್ಟಿಗೇ ಇವೆ.

‘ಹೇಗಾದರೂ ಒಳಗೆ ಬರಲಿ, ಬಂದ ಮೇಲೆ ಧರ್ಮ ಹೇಳೋಣ’ ಎಂಬುದು ಇದಕ್ಕೆ ಸಮಿತಿಗಳು ಕೊಡುವ ಸಮರ್ಥನೆ. ಇದು ವ್ಯವಹಾರದ ದೃಷ್ಟಿಯಿಂದಲೂ ತಪ್ಪು ಲೆಕ್ಕ. ಯಾರು ಯಾವ ವಿಡಿಯೋದಲ್ಲಿ ನಿಂತರು ಎಂಬುದನ್ನು ಗಮನಿಸಿ, ಅಂಥವರಿಗೆ ಅಂಥದ್ದನ್ನೇ ಮತ್ತೆ ತೋರಿಸುವುದು ಈ ವೇದಿಕೆಗಳ ಕ್ರಮ. ಪವಾಡದ ಮಾತಿನಿಂದ ನೀವು ನಿಲ್ಲಿಸಿದ್ದು ಪವಾಡ ಬೇಕಾದವರನ್ನು. ನಿಮ್ಮ ಮುಂದಿನ ವಿಡಿಯೋ ಹೋಗುವುದೂ ಮೊದಲು ಅಂಥವರ ಬಳಿಗೇ. ಅದರಲ್ಲಿ ಪರಿಗ್ರಹ ಪರಿಮಾಣದ ಮಾತು ಬಂದರೆ ಅವರು ಸರಿಸಿ ಹೋಗುತ್ತಾರೆ. ಆಗ ಸಮಿತಿಯು ‘ಜನರಿಗೆ ತತ್ತ್ವ ಬೇಡ’ ಎಂದು ಠರಾವು ಮಾಡುತ್ತದೆ. ಬೇಡದವರನ್ನು ಆರಿಸಿ ಕರೆದವರು ತಾವೇ ಎಂಬುದು ಯಾರ ಗಮನಕ್ಕೂ ಬರುವುದಿಲ್ಲ.

ಹಾಗಾದರೆ ಸರಿಯಾದ ಹುಕ್ ಯಾವುದು? ಲೆಕ್ಕಪತ್ರಗಳ ವೃತ್ತಿಯಲ್ಲಿರುವ ನನಗೆ ಅದು ಸಾಲದಂತೆ ಕಾಣುತ್ತದೆ. ಮೊದಲ ಮೂರು ಸೆಕೆಂಡುಗಳಲ್ಲಿ ನಾವು ನೋಡುಗನ ಗಮನವನ್ನು ಸಾಲವಾಗಿ ಪಡೆಯುತ್ತೇವೆ; ಅದಕ್ಕೆ ಪ್ರತಿಯಾಗಿ ಒಂದು ಮಾತು ಕೊಡುತ್ತೇವೆ. ವಿಡಿಯೋ ಮುಗಿಯುವುದರೊಳಗೆ ಆ ಮಾತು ಸಲ್ಲಬೇಕು. ಸಲ್ಲಿಸಲಾಗದ ಸಾಲವನ್ನು ಎತ್ತಲೇಬಾರದು. ಆದ್ದರಿಂದ ಹುಕ್ ಬರೆಯುವ ಕೆಲಸ ವಿಡಿಯೋದ ಕೊನೆಯಿಂದ ಆರಂಭವಾಗಬೇಕು: ಕೊನೆಗೆ ನೋಡುಗನ ಕೈಗೆ ಏನನ್ನು ಕೊಡುತ್ತೇವೆ ಎಂಬುದನ್ನು ಮೊದಲು ಒಂದು ವಾಕ್ಯದಲ್ಲಿ ಬರೆದುಕೊಂಡು, ಆ ವಾಕ್ಯವು ಉತ್ತರವಾಗುವಂಥ ಪ್ರಶ್ನೆಯನ್ನು ಮುಂದಕ್ಕೆ ತರಬೇಕು.

ಶ್ರವಣಬೆಳಗೊಳದ ಬಾಹುಬಲಿಯ ಬಗ್ಗೆ 45 ಸೆಕೆಂಡುಗಳ ಒಂದು ವಿಡಿಯೋವನ್ನು ತೆಗೆದುಕೊಳ್ಳೋಣ. ಸಾಮಾನ್ಯವಾಗಿ ಬರೆಯುವ ಆರಂಭ ಹೀಗಿರುತ್ತದೆ: ‘ಎಲ್ಲರಿಗೂ ಜೈ ಜಿನೇಂದ್ರ, ಇಂದು ನಾವು ಶ್ರವಣಬೆಳಗೊಳದ ಭಗವಾನ್ ಬಾಹುಬಲಿ ಸ್ವಾಮಿಯ ಬಗ್ಗೆ ತಿಳಿದುಕೊಳ್ಳೋಣ.’ ಗಡಿಯಾರ ಹಿಡಿದು ಓದಿ ನೋಡಿ. ಆರು ಸೆಕೆಂಡುಗಳು ಬೇಕು, ತಿಳಿಯುವುದು ಏನೂ ಇಲ್ಲ. ಇದನ್ನು ‘ಸುಧಾರಿಸಿ’ ಬರೆದವರು ‘ಈ ವಿಗ್ರಹದ ರಹಸ್ಯ ಕೇಳಿದರೆ ಬೆಚ್ಚಿಬೀಳುತ್ತೀರಿ’ ಎನ್ನುತ್ತಾರೆ. ಈ ಮಾತು ಯಾವ ವಿಗ್ರಹಕ್ಕೂ ಹೊಂದುತ್ತದೆ. ಹಾಗೆ ಎಲ್ಲಕ್ಕೂ ಹೊಂದುವ ಮಾತು ಸುಳ್ಳಿನ ಮೊದಲ ಗುರುತು. ಬೆಚ್ಚಿಬೀಳಿಸುವ ರಹಸ್ಯ ಮುಂದೆ ಬರುವುದೂ ಇಲ್ಲ.

ಈಗ ಕೊನೆಯಿಂದ ಆರಂಭಿಸೋಣ. ನಾವು ಕೊಡಬೇಕಾದ ಮಾತು ಇದು: ಅಣ್ಣನ ಮೇಲೆಯೇ ಕೈ ಮಾಡಿಸುವ, ಅಣ್ಣನಿಂದ ತಮ್ಮನ ಮೇಲೆ ಚಕ್ರ ಎಸೆಯಿಸುವ ರಾಜ್ಯ ತನಗೆ ಬೇಡವೆಂದು ಬಾಹುಬಲಿ ಕಂಡುಕೊಂಡ. ಇದು ಉತ್ತರವಾಗುವ ಪ್ರಶ್ನೆ: ‘ಗೆದ್ದವನೇ ರಾಜ್ಯ ಬಿಟ್ಟು ನಡೆದ. ಏಕೆ?’ ಇಷ್ಟೇ ಹುಕ್. ಇದರಲ್ಲಿ 13 ಅಕ್ಷರಗಳಿವೆ. ಸ್ಪಷ್ಟವಾಗಿ ಕನ್ನಡ ಓದುವವರು ಸೆಕೆಂಡಿಗೆ ಐದಾರು ಅಕ್ಷರಗಳನ್ನು ಹೇಳಬಲ್ಲರು. ಆದ್ದರಿಂದ 13 ಅಕ್ಷರಗಳನ್ನು ಹೇಳಿದ ಮೇಲೂ ‘ಏಕೆ’ ಎಂಬುದರ ಮುಂದೆ ಒಂದು ಉಸಿರಿನಷ್ಟು ಮೌನ ಉಳಿಯುತ್ತದೆ. ಕನ್ನಡದ ಪದಗಳು ವಿಭಕ್ತಿ ಪ್ರತ್ಯಯಗಳಿಂದ ಉದ್ದವಾಗುವುದರಿಂದ ಪದಗಳನ್ನಲ್ಲ, ಅಕ್ಷರಗಳನ್ನೇ ಎಣಿಸಬೇಕು. 18 ದಾಟಿದರೆ ಕತ್ತರಿಸಬೇಕು.

ಪದಗಳ ಆಯ್ಕೆಯಲ್ಲೂ ಒಂದು ಎಚ್ಚರ ಅಗತ್ಯ. ಪುಣೆಯಲ್ಲಿ ಬೆಳೆದ ನಮ್ಮ ಹುಡುಗಿಗೆ ಅಡುಗೆಮನೆಯ ಕನ್ನಡ ಚೆನ್ನಾಗಿ ಬರುತ್ತದೆ. ‘ವೈರಾಗ್ಯ’, ‘ಕಾಯೋತ್ಸರ್ಗ’ ಬರುವುದಿಲ್ಲ. ಗೆದ್ದ, ಬಿಟ್ಟ, ನಡೆದ ಎಂಬುವು ಅವಳಿಗೆ ಅಜ್ಜಿಯಿಂದ ಬಂದ ಮಾತುಗಳು. ಪಾರಿಭಾಷಿಕ ಪದವನ್ನು ಅವಳು ನಿಂತ ಮೇಲೆ ಕಲಿಸಬಹುದು. ಪರದೆಯ ಮೇಲೆ ಬರೆಯುವುದು ಇನ್ನೂ ಕಡಿಮೆ ಇರಲಿ: ‘ಗೆದ್ದವನೇ ಬಿಟ್ಟ. ಏಕೆ?’ ಈ ಅಕ್ಷರಗಳನ್ನು ಪರದೆಯ ಮೇಲುಭಾಗದ ನಡುವಿನಲ್ಲಿ ದಪ್ಪವಾಗಿ ಇಡಬೇಕು. ಕೆಳಭಾಗವನ್ನು ವಾಹಿನಿಯ ಹೆಸರೂ ಶೀರ್ಷಿಕೆಯೂ, ಬಲಬದಿಯನ್ನು ಗುಂಡಿಗಳೂ ಮುಚ್ಚುತ್ತವೆ. ಚಿತ್ರವಾಗಿ ಪೂರ್ಣ ವಿಗ್ರಹವನ್ನು ಮೊದಲೇ ತೋರಿಸಬಾರದು. ಅದನ್ನು ನೋಡುಗನು ನೂರು ಸಲ ನೋಡಿರುವುದರಿಂದ ‘ಗೊತ್ತಿರುವುದೇ’ ಎಂದು ಸರಿಸುತ್ತಾನೆ. ತೊಡೆಯ ಮೇಲೆ ಹಬ್ಬಿದ ಕಲ್ಲಿನ ಬಳ್ಳಿಯನ್ನು ಸಮೀಪದಿಂದ ತೋರಿಸಿ. ಅದು ಪ್ರಶ್ನೆಯನ್ನು ಕಣ್ಣಿಗೂ ಕೇಳುತ್ತದೆ.

ಮುಂದಿನದು ಸಾಲ ತೀರಿಸುವ ಕೆಲಸ. 12ನೆಯ ಸೆಕೆಂಡಿನೊಳಗೆ ಭರತ-ಬಾಹುಬಲಿ ಅಣ್ಣತಮ್ಮಂದಿರೆಂದೂ ಸೈನ್ಯಗಳ ಹಿಂಸೆಯನ್ನು ತಪ್ಪಿಸಲು ಮಂತ್ರಿಗಳು ಇಬ್ಬರ ನಡುವೆಯೇ ಯುದ್ಧ ನಡೆಯಲೆಂದರೆಂದೂ ಹೇಳಬೇಕು. 25ರ ಹೊತ್ತಿಗೆ ದೃಷ್ಟಿಯುದ್ಧ, ಜಲಯುದ್ಧ, ಮಲ್ಲಯುದ್ಧ ಮೂರರಲ್ಲೂ ತಮ್ಮನ ಗೆಲುವು. ಸೋತ ಭರತನು ಎಸೆದ ಚಕ್ರ ಅವನನ್ನು ಕೊಲ್ಲದೆ ಸುತ್ತಿ ನಿಂತದ್ದು. 38ರ ಹೊತ್ತಿಗೆ ‘ಏಕೆ’ಗೆ ಉತ್ತರ, ಮತ್ತು ಬಳ್ಳಿ ಹಬ್ಬುವಷ್ಟು ಕಾಲ ಅವನು ನಿಂತೇ ಇದ್ದ ಎಂಬ ಮಾತು. ಆಗ ಪೂರ್ಣ ವಿಗ್ರಹವನ್ನು ತೋರಿಸಿ. ಉಳಿದ ಸೆಕೆಂಡುಗಳಲ್ಲಿ ಸಂಘದ ಹೆಸರು ಬರಲಿ.

ಫಲ ತಿಳಿಯುವ ಬಗೆಯನ್ನೂ ಹೇಳಬೇಕು, ಏಕೆಂದರೆ ವಾರ್ಷಿಕ ಸಭೆಗಳಲ್ಲಿ ಓದಿ ಹೇಳುವ ‘ವೀಕ್ಷಣೆ’ಗಳ ಸಂಖ್ಯೆ ಈಗ ಬಹುತೇಕ ನಿರರ್ಥಕ. 2025ರ ಮಾರ್ಚ್ 31ರಿಂದ ಯೂಟ್ಯೂಬ್ ಶಾರ್ಟ್ಸ್‌ನಲ್ಲಿ ವಿಡಿಯೋ ಓಡಲು ಆರಂಭವಾದರೆ ಸಾಕು, ಅದು ಒಂದು ವೀಕ್ಷಣೆಯಾಗಿ ಎಣಿಕೆಯಾಗುತ್ತದೆ. ಬಸದಿಯ ಬಾಗಿಲಿನ ಮುಂದೆ ಹಾದುಹೋದವರನ್ನೆಲ್ಲ ದರ್ಶನಕ್ಕೆ ಬಂದವರೆಂದು ಬರೆದುಕೊಂಡಂತೆ. ನೋಡಬೇಕಾದದ್ದು ಸ್ಟುಡಿಯೋದಲ್ಲಿರುವ ಇನ್ನೆರಡು ದಾಖಲೆಗಳನ್ನು: ಎಷ್ಟು ಮಂದಿ ನಿಂತು ನೋಡಿದರು, ಎಷ್ಟು ಮಂದಿ ಸರಿಸಿ ಹೋದರು ಎಂಬ ಪಾಲು, ಮತ್ತು ಕ್ಷಣಕ್ಷಣಕ್ಕೆ ಎಷ್ಟು ಮಂದಿ ಉಳಿದರು ಎಂಬ ರೇಖೆ. ರೇಖೆ ಆರಂಭದಲ್ಲೇ ಕುಸಿದಿದ್ದರೆ ಹುಕ್‌ನ ದೋಷ. ಆರಂಭದಲ್ಲಿ ನಿಂತು ಹತ್ತನೆಯ ಸೆಕೆಂಡಿನ ಸುಮಾರಿಗೆ ಕುಸಿದಿದ್ದರೆ ಹುಕ್ ಸರಿಯಾಗಿದೆ, ಆದರೆ ಕೊಟ್ಟ ಮಾತನ್ನು ನೀವು ಮರೆತು ಬೇರೇನೋ ಹೇಳಿದ್ದೀರಿ. ಸಂಘದ ಹೆಸರು ಬಂದಾಗ ಕುಸಿದರೆ ಚಿಂತೆ ಬೇಡ. ಸಾಲ ತೀರಿದ ಮೇಲೆ ಎದ್ದು ಹೋಗುವ ಹಕ್ಕು ನೋಡುಗನಿಗಿದೆ.

ಹುಕ್ ಎಂಬುದೇ ಮಾರುಕಟ್ಟೆಯ ತಂತ್ರ, ಧರ್ಮಕ್ಕೆ ಅದು ಸಲ್ಲದು ಎಂದು ಹೇಳುವವರೂ ಇದ್ದಾರೆ. ಅವರು ನಮ್ಮ ಪುರಾಣಗಳ ಕಟ್ಟನ್ನು ನೆನಪಿಸಿಕೊಳ್ಳಲಿ. ಶ್ರೇಣಿಕ ಮಹಾರಾಜನು ಕೇಳುತ್ತಾನೆ, ಗೌತಮ ಗಣಧರರು ಹೇಳುತ್ತಾರೆ. ಕಥೆ ತೆರೆದುಕೊಳ್ಳುವುದು ನಿಜವಾದ ಒಂದು ಪ್ರಶ್ನೆಯಿಂದ. ಶ್ರೇಣಿಕನು ಕೇಳಿದ್ದು ತಿಳಿಯುವ ಹಂಬಲದಿಂದ, ಗೌತಮರು ಅವನನ್ನು ಬೆದರಿಸಿ ಕೂರಿಸಲಿಲ್ಲ. ಆದ್ದರಿಂದ ಈ ಪರ್ವಕ್ಕೆ ವಿಡಿಯೋ ಮಾಡಹೊರಟಿರುವ ಸಮಿತಿಗಳ ಮುಂದೆ ನನ್ನ ಒತ್ತಾಯ ಇಷ್ಟೇ: ಹತ್ತು ಧರ್ಮಗಳಿಗೆ ಹತ್ತು ಪ್ರಶ್ನೆಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ, ಪ್ರತಿಯೊಂದರ ಎದುರಿಗೆ ವಿಡಿಯೋದ ಯಾವ ಸೆಕೆಂಡಿನಲ್ಲಿ ಉತ್ತರ ಸಲ್ಲುತ್ತದೆ ಎಂದು ನಮೂದಿಸಿರಿ. ಎದುರಿನ ಕಲಮು ಖಾಲಿ ಉಳಿದ ಪ್ರಶ್ನೆಯನ್ನು ಚಿತ್ರೀಕರಣಕ್ಕೆ ಮುಂಚೆಯೇ ಹೊಡೆದುಹಾಕಿರಿ.