ಪಿಟಿ ಪಿರಿಯಡ್‌ನಲ್ಲಿ ಎಲ್ಲರೂ ಕೂತೇ ಆಡಲಿ

ನಮ್ಮ ಊರ ಶಾಲೆಗಳಲ್ಲಿ ಕಾಲಿನ ತೊಂದರೆ ಇರುವ ಮಗುವಿಗೆ ಆಟದ ಪಿರಿಯಡ್‌ನಲ್ಲಿ ಸಿಗುವುದು ಹೆಚ್ಚಾಗಿ ಎರಡೇ ಕೆಲಸ: ಪಾಯಿಂಟ್ ಬರೆಯುವುದು, ಉಳಿದವರ ಚಪ್ಪಲಿ ಕಾಯುವುದು. ಮೇಷ್ಟ್ರು ಕರುಣೆಯಿಂದಲೇ ಹಾಗೆ ಕೂರಿಸಿರುತ್ತಾರೆ. ಆದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 16ನೇ ಸೆಕ್ಷನ್, ಉಳಿದ ಮಕ್ಕಳಿಗೆ ಸಮನಾಗಿ ಆಟದ ಅವಕಾಶವನ್ನೂ ಕೊಡಬೇಕು ಎನ್ನುತ್ತದೆ. ಪಾಯಿಂಟ್ ಬರೆಯುವುದು ಆಟವಲ್ಲ.

ನಮ್ಮ ಮಾತು ಇಷ್ಟೇ: ಆ ಒಂದು ಮಗುವಿಗೆ ರಿಯಾಯಿತಿ ಕೊಡುವ ಬದಲು ಆಟವನ್ನೇ ಎಲ್ಲರಿಗೂ ಬದಲಿಸಿ. ಇದಕ್ಕೆ ಕೂತು ಆಡುವ ವಾಲಿಬಾಲ್ ಒಳ್ಳೆಯ ದಾರಿ. 1956ರಲ್ಲಿ ನೆದರ್‌ಲ್ಯಾಂಡ್ಸ್‌ನಲ್ಲಿ ಶುರುವಾದ ಈ ಆಟ 1980ರಿಂದ ಪ್ಯಾರಾಲಿಂಪಿಕ್ಸ್‌ನಲ್ಲಿದೆ.

ಅಂಕಣ 10 ಮೀಟರ್ ಉದ್ದ, 6 ಮೀಟರ್ ಅಗಲ. ಮಾಮೂಲಿ ಅಂಕಣ 18ಕ್ಕೆ 9. ನೆಟ್ ಎತ್ತರ ಗಂಡಸರಿಗೆ 1.15 ಮೀಟರ್, ಹೆಂಗಸರಿಗೆ 1.05. ಮಕ್ಕಳಿಗೆ ಒಂದು ಮೀಟರ್ ಸಾಕು. ನೆಟ್ ಇಲ್ಲದಿದ್ದರೆ ಹಗ್ಗ ಕಟ್ಟಿದರೂ ನಡೆಯುತ್ತದೆ. ಮುಖ್ಯ ನಿಯಮ ಒಂದೇ: ಚೆಂಡು ಹೊಡೆಯುವಾಗ ಅಂಡು ನೆಲಕ್ಕೆ ತಾಗಿರಬೇಕು.

ಏಳನೇ ತರಗತಿಯ ಒಬ್ಬ ಹುಡುಗಿಗೆ ಒಂದು ಕಾಲು ಬಲವಿಲ್ಲ, ಕೈ ಗಟ್ಟಿ ಎಂದುಕೊಳ್ಳಿ. ಮೊದಲ ದಿನ ಚೆಂಡೇ ಬೇಡ. ಎಲ್ಲರೂ ಅಂಗೈ ಊರಿ ಹಿಂದೆ ಮುಂದೆ ಜರುಗುವುದನ್ನು ಕಲಿಯಲಿ. ಇಲ್ಲಿ ಓಟಗಾರರೇ ತಡವರಿಸುವುದನ್ನು ನೋಡುತ್ತೀರಿ. ಎರಡನೇ ದಿನ ಹಗುರವಾದ ಚೆಂಡನ್ನು ಥ್ರೋಬಾಲ್‌ನಂತೆ ಹಿಡಿದು ಎಸೆಯಲಿ, ಆಮೇಲೆ ಹೊಡೆಯಲಿ. ಕಡೆಗೆ ಆರಾರು ಜನರ ತಂಡ ಮಾಡಿ, ಜಾಗ ಬದಲಿಸುತ್ತಾ ಆಡಿಸಿ. ಅವಳನ್ನು ಮೂಲೆಯಲ್ಲೇ ಬಿಡಬೇಡಿ.

ಎಲ್ಲರೂ ಕೂತ ಮಾತ್ರಕ್ಕೆ ಎಲ್ಲರೂ ಆಡಿದಂತಲ್ಲ. ಹತ್ತು ನಿಮಿಷ ಅವಳ ಕೈಗೆ ಚೆಂಡು ಎಷ್ಟು ಸಲ ತಾಗಿತು ಎಂದು ಎಣಿಸಿ. ಬೇರೆಯವರಿಗೆ ಹತ್ತು ಸಲ, ಅವಳಿಗೆ ಎರಡೇ ಸಲ ಆದರೆ ತಂಡವನ್ನು ನಾಲ್ಕು ಜನಕ್ಕೆ ಇಳಿಸಿ, ಅಂಕಣವನ್ನೂ ಚಿಕ್ಕದು ಮಾಡಿ. "ಅವಳಿಗೆ ಕೊಡದೆ ಪಾಯಿಂಟ್ ಇಲ್ಲ" ಎಂಬ ನಿಯಮ ಮಾತ್ರ ಬೇಡ. ಸೋತ ತಂಡ ಅವಳ ಕಡೆ ತಿರುಗಿ ನೋಡುತ್ತದೆ.

ನೆಲದ ಮೇಲೆ ಕಲ್ಲು, ಮುಳ್ಳು ಆರಿಸಿ ಟಾರ್ಪಾಲ್ ಹಾಸಿ. ಬಿಸಿಲೇರುವ ಮುಂಚೆ ಆಡಿಸಿ. ಕಾಲಿಗೆ ಸ್ಪರ್ಶವೇ ತಿಳಿಯದ ಮಕ್ಕಳಿಗೆ ಉಜ್ಜಿ ಗಾಯವಾದರೂ ಗೊತ್ತಾಗುವುದಿಲ್ಲ. ಅಂಥವರನ್ನು ನೆಲದ ಮೇಲೆ ಜರುಗಿಸುವ ಮೊದಲು ಮನೆಯವರನ್ನೂ ವೈದ್ಯರನ್ನೂ ಕೇಳಲೇಬೇಕು. ನೆಟ್ಟಗೆ ಕೂರಲು ಬೆನ್ನಿಗೆ ಬಲವಿಲ್ಲದ ಮಕ್ಕಳಿಗೆ ಈ ಆಟ ಹೊಂದುವುದಿಲ್ಲ. ಅವರಿಗೆ ಕುರ್ಚಿಯಲ್ಲಿ ಕೂತು, ಗುರಿಯ ಹತ್ತಿರಕ್ಕೆ ಚೆಂಡು ಉರುಳಿಸುವ ಬೋಚಿಯಾದಂಥ ಆಟ ಬೇಕು. ಅದನ್ನೂ ಇಡೀ ತರಗತಿಯೇ ಕುರ್ಚಿಯಲ್ಲಿ ಕೂತು ಆಡಲಿ.

ಮುಂದಿನ ಎಸ್‌ಡಿಎಂಸಿ ಸಭೆಯಲ್ಲಿ ಪಿಟಿ ಮೇಷ್ಟ್ರಿಗೆ ಒಂದೇ ಪ್ರಶ್ನೆ ಕೇಳಿ: ಈ ವಾರ ನಮ್ಮ ಮಗುವಿನ ಕೈಗೆ ಚೆಂಡು ಎಷ್ಟು ಸಲ ತಾಗಿತು?